ನಂಬರ್ ಕಳಿಸುವ ಮುನ್ನ ಎರಡೂ ಕಡೆ ಒಂದು ಮಾತು

‘ಅವರ ನಂಬರ್ ಇದ್ರೆ ಸ್ವಲ್ಪ ಕಳಿಸ್ತೀರಾ?’ ಎಂಬ ಕೋರಿಕೆ ಫೋನಿಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದೇ ಇಲ್ಲ. ಕಾಂಟ್ಯಾಕ್ಟ್ ಹುಡುಕಿ ಕಳಿಸಿಬಿಡುತ್ತೇವೆ. ಇನ್ನೂ ಉತ್ಸಾಹವಿದ್ದರೆ ಮೂವರ ವಾಟ್ಸಾಪ್ ಗುಂಪು ಮಾಡಿ, ‘ಇವರು ಇಂಥವರು, ಅವರು ಅಂಥವರು, ಇಬ್ಬರೂ ಮಾತಾಡಿಕೊಳ್ಳಿ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಕೇಳಿದವರಿಗೆ ಸಂತೋಷ, ನಮಗೂ ಉಪಕಾರ ಮಾಡಿದ ತೃಪ್ತಿ. ಆದರೆ ಆ ಮೂರನೆಯವರನ್ನು ಯಾರೂ ಕೇಳಿರುವುದಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ, ನಿಮ್ಮ ಹೆಸರು ಹೇಳುತ್ತಾರೆ. ನಿಮ್ಮ ಮುಖ ನೋಡಿ ಅವರು ಮಾತಾಡಲೇಬೇಕು. ಗುಂಪು ಮಾಡಿದ್ದರೆ ಇಕ್ಕಟ್ಟು ಇನ್ನೂ ಹೆಚ್ಚು. ಎದುರಿಗಿರುವವರು ಕಾಯುತ್ತಿರುವಾಗ ‘ನನಗೆ ಆಗುವುದಿಲ್ಲ’ ಎಂದು ಹೇಗೆ ಬರೆಯುವುದು?

ಇದಕ್ಕೊಂದು ಸರಳ ಪರಿಹಾರವಿದೆ. ಪರಿಚಯ ಮಾಡಿಸುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುವುದು, ಇಬ್ಬರೂ ಒಪ್ಪಿದ ಮೇಲಷ್ಟೇ ಜೋಡಿಸುವುದು. ಹೊಸ ಕಂಪನಿಗಳಿಗೆ ಬಂಡವಾಳ ಹೂಡುವವರ ವಲಯದಲ್ಲಿ ಈ ರೂಢಿ ಗಟ್ಟಿಯಾಗಿ ನೆಲೆಯೂರಿದೆ. ನ್ಯೂಯಾರ್ಕಿನ ಹೂಡಿಕೆದಾರ ಫ್ರೆಡ್ ವಿಲ್ಸನ್ 2009ರಲ್ಲಿ ಇದರ ಬಗ್ಗೆ ಬರೆದ ಮೇಲೆ ಅಲ್ಲಿ ಇದು ಶಿಷ್ಟಾಚಾರವೆಂಬಂತೆ ಹರಡಿತು. ಹೂಡಿಕೆದಾರರನ್ನು ಭೇಟಿ ಮಾಡಿಸಿ ಎಂದು ಕೇಳುವವರು ಅಲ್ಲಿ ಬಹಳ, ಹೂಡಿಕೆದಾರರಿಗಿರುವ ಹೊತ್ತು ಕಡಿಮೆ. ಹಾಗಾಗಿ ನಿಯಮ ಅಲ್ಲಿ ಬೇಗ ಬೇಕಾಯಿತು.

ಹಾಗೆಂದು ಇದು ನಮಗೆ ಹೊಸದೇನಲ್ಲ. ಹೆಣ್ಣು ಗಂಡು ಕೂಡಿಸುವ ವಿಷಯದಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದುದು ಇದನ್ನೇ. ಮಧ್ಯಸ್ಥರು ಮೊದಲು ಒಂದು ಮನೆಗೆ ಹೋಗಿ, ‘ಹೀಗೊಂದು ಕಡೆ ಗೊತ್ತಿದೆ, ಕೇಳಿ ನೋಡಲೇ?’ ಎನ್ನುತ್ತಿದ್ದರು. ಅವರು ಹೂಂ ಅಂದ ಮೇಲೆ ಇನ್ನೊಂದು ಮನೆಗೆ ಹೋಗಿ, ಹೆಸರು ಬಿಚ್ಚದೆ ವಿಷಯ ಎತ್ತುತ್ತಿದ್ದರು. ಅಲ್ಲಿ ಬೇಡವೆಂದರೆ ಮಾತು ಅಲ್ಲಿಗೇ ನಿಂತಿತು. ಯಾರು ಯಾರನ್ನು ಬೇಡವೆಂದರು ಎಂಬುದು ಊರಿಗೆ ತಿಳಿಯುತ್ತಿರಲಿಲ್ಲ, ಎರಡೂ ಮನೆಗಳ ಮಾನ ಉಳಿಯುತ್ತಿತ್ತು. ಮದುವೆಯ ವಿಷಯದಲ್ಲಿ ಇಷ್ಟು ಜತನ ಮಾಡುವ ನಾವು ಕೆಲಸದ ಮತ್ತು ವ್ಯಾಪಾರದ ಪರಿಚಯಗಳಲ್ಲಿ ಅದನ್ನೇಕೆ ಬಿಟ್ಟುಬಿಟ್ಟೆವೋ ನನಗೆ ಅರ್ಥವಾಗುವುದಿಲ್ಲ. ಬಹುಶಃ ನಂಬರ್ ಕಳಿಸುವುದು ತೀರಾ ಸುಲಭವಾಗಿದ್ದೇ ಕಾರಣವಿರಬೇಕು.

‘ಅವರು ನನ್ನ ಸ್ನೇಹಿತರೇ, ಕೇಳುವುದೇನು ಬಂತು?’ ಎನ್ನುವವರಿದ್ದಾರೆ. ತೀರಾ ಹತ್ತಿರದವರ ವಿಷಯದಲ್ಲಿ ಈ ಮಾತು ಒಪ್ಪಬಹುದು, ಅವರ ಮನಸ್ಸು ನಮಗೆ ಗೊತ್ತಿರುತ್ತದೆ. ಆದರೆ ನಿಜವಾಗಿ ಕೆಲಸಕ್ಕೆ ಬರುವ ಪರಿಚಯಗಳು ಹತ್ತಿರದವರಿಂದ ಬರುವುದು ಕಡಿಮೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಹೆಸರಾಂತ ಲೇಖನದಲ್ಲಿ ಇದರ ಲೆಕ್ಕವಿದೆ. ಬೋಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಆಗಷ್ಟೇ ಪರಿಚಿತರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಮಾತಾಡಿಸಿದರು. ಸುಳಿವು ಕೊಟ್ಟವರನ್ನು ಆ ಹೊತ್ತಿನಲ್ಲಿ ಎಷ್ಟು ಸಲ ನೋಡುತ್ತಿದ್ದಿರಿ ಎಂದು ಕೇಳಿದರು. ಮೇಲಿಂದ ಮೇಲೆ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56, ಅಪರೂಪಕ್ಕೆ ಎಂದವರು 28. ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಅವರ ಬಳಗವೂ ನಮ್ಮ ಬಳಗವೂ ಒಂದೇ. ದೂರದ ಪರಿಚಿತರು ಮಾತ್ರ ನಮಗೆ ಕಾಣದ ಇನ್ನೊಂದು ಲೋಕದ ಸುದ್ದಿ ತರಬಲ್ಲರು.

ಪರಿಚಯ ಮಾಡಿಸುವವರಿಗೆ ಇದರಲ್ಲೊಂದು ಎಚ್ಚರಿಕೆ ಅಡಗಿದೆ. ಯಾರನ್ನು ಜೋಡಿಸಿದರೆ ಹೆಚ್ಚು ಲಾಭವೋ, ಅವರ ಈಗಿನ ಸ್ಥಿತಿ ನಮಗೆ ಕಡಿಮೆ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಸಿಗುವ ವ್ಯಕ್ತಿಗೆ ಈಗ ಬಿಡುವಿದೆಯೇ, ತೊಂದರೆಯೇನಾದರೂ ಇದೆಯೇ, ಈ ಹೊಸ ಪರಿಚಯದಿಂದ ಅವರಿಗೆ ಪೆಟ್ಟು ಬೀಳುತ್ತದೆಯೇ ಎಂದು ನಾವು ಊಹಿಸಲಾರೆವು. ಕೇಳಿಯೇ ತಿಳಿಯಬೇಕು.

ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ನೀವು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕೆಲವು ವರ್ಷ ಇಳಕಲ್‌ನಲ್ಲಿ ಕೆಲಸ ಮಾಡಿದ್ದೀರಿ ಎಂದುಕೊಳ್ಳಿ. ಅಲ್ಲಿ ನಿಮ್ಮಿಂದ ಸಾಲ ಪಡೆದು ಸರಿಯಾಗಿ ತೀರಿಸಿದ ಒಬ್ಬ ನೇಕಾರರ ಪರಿಚಯ ನಿಮಗಿದೆ. ಈಗ ಬೆಂಗಳೂರಿನಲ್ಲಿ ನಿಮ್ಮ ಬಡಾವಣೆಯ ಹೆಣ್ಣುಮಗಳೊಬ್ಬರು ಸಣ್ಣದೊಂದು ಸೀರೆ ಅಂಗಡಿ ನಡೆಸುತ್ತಾರೆ. ‘ಸರ್, ಇಳಕಲ್ ಸೀರೆ ಅಂತ ನನಗೆ ಬರ್ತಾ ಇರೋದರಲ್ಲಿ ಮಗ್ಗದ್ದು ಯಾವುದು, ಪವರ್‌ಲೂಮಿಂದು ಯಾವುದು ಗೊತ್ತಾಗ್ತಿಲ್ಲ. ನೇರವಾಗಿ ನೇಯುವವರು ಯಾರಾದರೂ ಗೊತ್ತಾ?’ ಎಂದು ಅವರು ಕೇಳುತ್ತಾರೆ. ನಿಮಗೆ ಥಟ್ಟನೆ ಆ ನೇಕಾರರ ನೆನಪಾಗುತ್ತದೆ. ಬೆರಳು ಫೋನಿನ ಕಡೆ ಹೋಗುವುದೂ ಆಗಲೇ.

ಅಲ್ಲಿ ತಡೆಯಬೇಕು. ಮೊದಲ ಕೆಲಸ, ಕೇಳಿದವರಿಗೆ ನಿಜಕ್ಕೂ ಏನು ಬೇಕು ಎಂದು ತಿಳಿಯುವುದು. ಎಷ್ಟು ಸೀರೆ, ಯಾವ ಬಗೆ, ಎಷ್ಟು ದಿನದಲ್ಲಿ, ಮುಂಗಡ ಕೊಡುತ್ತಾರೆಯೇ? ಅವರು ‘ಹನ್ನೆರಡು ಸೀರೆ, ಹನ್ನೆರಡೂ ಬೇರೆ ಬೇರೆ ಬಣ್ಣ, ದಸರಾ ಹೊತ್ತಿಗೆ’ ಎನ್ನುತ್ತಾರೆ. ಮಗ್ಗ ನೋಡಿದವರಿಗೆ ಇದರ ತೊಡಕು ಕೂಡಲೇ ತಿಳಿಯುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲಿನ ತುದಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುವ ಕ್ರಮವನ್ನು ಅಲ್ಲಿ ಟೋಪ್ ತೆನಿ ಎನ್ನುತ್ತಾರೆ. ಒಡಲಿನ ಬಣ್ಣ ಬದಲಾದರೆ ಮಗ್ಗದ ಮೇಲೆ ಹಾಸನ್ನೇ ಬದಲಿಸಬೇಕು. ಒಂದೊಂದು ಸೀರೆಗೆ ಒಂದೊಂದು ಬಣ್ಣವೆಂದರೆ ನೇಯುವುದಕ್ಕಿಂತ ಹಾಸು ಸಿದ್ಧಮಾಡುವ ಕೆಲಸವೇ ದೊಡ್ಡದಾಗುತ್ತದೆ. ಇದನ್ನು ಅವರಿಗೆ ನೀವೇ ವಿವರಿಸುತ್ತೀರಿ. ‘ಹಾಗಾದರೆ ಮೂರು ಬಣ್ಣ, ಒಂದೊಂದರಲ್ಲಿ ನಾಲ್ಕು ಸೀರೆ. ದಸರಾಕ್ಕೆ ಅರ್ಧ, ದೀಪಾವಳಿಗೆ ಅರ್ಧ’ ಎಂದು ಅವರು ತಿದ್ದಿಕೊಳ್ಳುತ್ತಾರೆ. ನೇಕಾರರನ್ನು ಕೇಳುವ ಮೊದಲೇ ಅರ್ಧ ಕೆಲಸ ಮುಗಿಯಿತು. ಹನ್ನೆರಡು ಬಣ್ಣದ ಬೇಡಿಕೆಯೇ ನೇರ ಇಳಕಲ್‌ಗೆ ಹೋಗಿದ್ದರೆ ಮೊದಲ ಕರೆಯಲ್ಲೇ ಇಬ್ಬರಿಗೂ ಬೇಸರವಾಗುತ್ತಿತ್ತು, ಮತ್ತೆ ಮಾತಾಡುವ ಮನಸ್ಸೂ ಉಳಿಯುತ್ತಿರಲಿಲ್ಲ.

ಈಗ ಅವರಿಂದ ಒಂದು ಚಿಕ್ಕ ಬರಹ ಪಡೆಯಿರಿ. ತಾವು ಯಾರು, ಅಂಗಡಿ ಎಲ್ಲಿದೆ, ಏನು ಬೇಕು, ಹಣ ಹೇಗೆ ಕೊಡುತ್ತಾರೆ ಎಂಬುದೆಲ್ಲ ಐದಾರು ವಾಕ್ಯದಲ್ಲಿರಲಿ. ನೀವು ಒಂದಕ್ಷರವೂ ತಿದ್ದದೆ ಮುಂದಕ್ಕೆ ಕಳಿಸುವಂತಿರಬೇಕು. ಇದು ಸೋಮಾರಿತನದ ಉಪಾಯವಲ್ಲ. ನೀವೇ ವರ್ಣಿಸಲು ಹೊರಟರೆ ಗೊತ್ತಿಲ್ಲದಂತೆ ಬಣ್ಣ ಕಟ್ಟುತ್ತೀರಿ. ಅವರದೇ ಮಾತಿದ್ದರೆ ಅದರ ಹೊಣೆ ಅವರದು. ‘ಇದನ್ನು ಅವರಿಗೆ ತೋರಿಸಬಹುದೇ?’ ಎಂದು ಕೇಳಿ. ಹೂಂ ಎಂದರೆ ಮೊದಲ ಒಪ್ಪಿಗೆ ಸಿಕ್ಕಿತು. ನೇಕಾರರ ಹೆಸರು, ನಂಬರ್, ಓಣಿ ಯಾವುದನ್ನೂ ಇನ್ನೂ ಹೇಳಬೇಡಿ. ‘ಒಬ್ಬರಿದ್ದಾರೆ, ಕೇಳಿ ನೋಡುತ್ತೇನೆ. ಆಗದಿದ್ದರೆ ಬೇಸರ ಬೇಡ’ ಎಂದಷ್ಟೇ ಹೇಳಿ. ಆಸೆಯನ್ನು ದೊಡ್ಡದು ಮಾಡಿಟ್ಟರೆ, ಆ ಕಡೆಯವರು ಬೇಡವೆಂದಾಗ ಅವರನ್ನು ಒತ್ತಾಯಿಸುವ ಇಕ್ಕಟ್ಟಿಗೆ ನೀವೇ ಬೀಳುತ್ತೀರಿ.

ಎರಡನೆಯ ಒಪ್ಪಿಗೆ ಹೆಚ್ಚು ನಾಜೂಕಿನದು. ಅದಕ್ಕೆ ಕಾರಣ ಹೊತ್ತಿನ ಅಭಾವವೊಂದೇ ಅಲ್ಲ. ಕೈಮಗ್ಗದ ಊರುಗಳಲ್ಲಿ ಎಷ್ಟೋ ನೇಕಾರರು ಸ್ವತಂತ್ರರಲ್ಲ. ಮಾಲೀಕರು ನೂಲು ಕೊಡುತ್ತಾರೆ, ನೇಕಾರರು ನೇಯ್ದು ಮಜೂರಿ ಪಡೆಯುತ್ತಾರೆ, ಸೀರೆ ಮಾಲೀಕರದು. ಅನೇಕರ ತಲೆಯ ಮೇಲೆ ಮಾಲೀಕರಿಂದ ಪಡೆದ ಮುಂಗಡದ ಸಾಲವೂ ಇರುತ್ತದೆ. ಅಂಥವರು ಬೆಂಗಳೂರಿನ ಅಂಗಡಿಯ ಜೊತೆ ನೇರ ವ್ಯವಹಾರ ಶುರುಮಾಡಿದ್ದಾರೆಂಬ ಸುದ್ದಿ ಹಬ್ಬಿದರೆ ನಾಳೆಯಿಂದ ನೂಲು ಬರುವುದು ನಿಲ್ಲಬಹುದು. ನಿಮ್ಮ ಕಣ್ಣಿಗೆ ಅವಕಾಶವೆಂದು ಕಂಡಿದ್ದು ಅವರಿಗೆ ಅಪಾಯವಾಗಿರಬಹುದು. ಗುಂಪು ಮಾಡಿ ಹೆಸರು ಹಾಕಿಬಿಡುವವರಿಗೆ ಇದು ಕಾಣುವುದಿಲ್ಲ. ಪರಿಚಯದಿಂದ ಯಾರಿಗೆ ಹೆಚ್ಚು ಕಳೆದುಕೊಳ್ಳುವುದಿದೆಯೋ ಅವರ ಒಪ್ಪಿಗೆಗೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ವೇಳೆ ಯಾರೂ ಕೇಳದೆ ನಿಮಗೇ ಈ ಜೋಡಿ ಹೊಳೆದಿದ್ದರೆ, ಮೊದಲು ಕೇಳಬೇಕಾದವರೂ ಅವರೇ.

ಬರಹದ ಸಂದೇಶಕ್ಕಿಂತ ಇಲ್ಲಿ ಫೋನ್ ಮಾತು ವಾಸಿ. ದನಿಯಲ್ಲಿ ತಿಳಿಯುವುದು ಅಕ್ಷರದಲ್ಲಿ ತಿಳಿಯುವುದಿಲ್ಲ. ಕುಶಲ ವಿಚಾರಿಸಿ, ವಿಷಯ ಹೇಳಿ, ಕೊನೆಗೆ ಬಿಡಿಸಿಕೊಳ್ಳುವ ದಾರಿಯನ್ನು ನೀವೇ ತೋರಿಸಿ: ‘ನಿಮಗೆ ಈಗ ಬ್ಯಾಡ ಅನಿಸಿದ್ರ ಬಿಡ್ರಿ, ನನಗೇನೂ ಬ್ಯಾಸರ ಇಲ್ಲ. ನಿಮ್ಮ ಹೆಸರು ನಾ ಅವ್ರಿಗೆ ಇನ್ನೂ ಹೇಳಿಲ್ಲ.’ ಈ ಕೊನೆಯ ವಾಕ್ಯವೇ ಬಹಳ ಮುಖ್ಯ. ಬೇಡವೆಂದರೆ ಯಾರ ಮುಂದೆಯೂ ತಾನು ಕೆಟ್ಟವನಾಗುವುದಿಲ್ಲ ಎಂಬ ಭರವಸೆ ಇದ್ದಾಗಲೇ ಮನುಷ್ಯ ಮನಸ್ಸಿನಲ್ಲಿದ್ದುದನ್ನು ಹೇಳುವುದು.

ಆದರೂ ನಮ್ಮ ಕಡೆ ಬೇಡವೆನ್ನುವುದು ಸುಲಭವಲ್ಲ. ಅದರಲ್ಲೂ ಒಮ್ಮೆ ಸಾಲ ಕೊಟ್ಟ ಬ್ಯಾಂಕಿನ ಸಾಹೇಬರೇ ಫೋನ್ ಮಾಡಿದಾಗ. ‘ನೀವ ಹೇಳಿದ ಮ್ಯಾಲೆ ಬ್ಯಾಡ ಅಂತೀವೇನ್ರಿ ಸಾಹೇಬ್ರ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಅದು ನಿಮಗೆ ಕೊಟ್ಟ ಮರ್ಯಾದೆ, ವಿಷಯಕ್ಕೆ ಕೊಟ್ಟ ಒಪ್ಪಿಗೆಯಲ್ಲ. ‘ನೋಡೋಣ್ರಿ’ ಎಂದರೆ ಹೆಚ್ಚಾಗಿ ಬೇಡವೆಂದೇ ಅರ್ಥ. ನಿಜವಾದ ಒಪ್ಪಿಗೆಯ ಗುರುತು ಬೇರೆ, ಅದು ಮರುಪ್ರಶ್ನೆಯಾಗಿ ಬರುತ್ತದೆ. ‘ಎಷ್ಟ ಸೀರಿ ಬೇಕಂತ್ರಿ? ನೂಲಿಗೆ ಮೊದಲ ರೊಕ್ಕ ಕೊಡ್ತಾರೇನು? ಅಂಚು ಯಾವುದು?’ ಎಂದು ಅವರು ವಿವರಕ್ಕೆ ಇಳಿದರೆ ಮನಸ್ಸಿದೆ ಎಂದು ತಿಳಿಯಿರಿ. ಪ್ರಶ್ನೆಯೇ ಇಲ್ಲದ ಹೂಂ ಬಂದರೆ, ‘ಎರಡು ದಿನ ಯೋಚನೆ ಮಾಡ್ರಿ’ ಎಂದು ಬಿಡಿ. ಅವರಾಗಿ ತಿರುಗಿ ಕರೆ ಮಾಡದಿದ್ದರೆ ಒಮ್ಮೆ ನೆನಪಿಸಬಹುದು. ಎರಡನೆಯ ಸಲ ನೆನಪಿಸುವುದು ಒತ್ತಾಯ.

ನಮ್ಮ ನೇಕಾರರು ಷರತ್ತಿನ ಮೇಲೆ ಒಪ್ಪುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಮಗ್ಗ ಮಾಲೀಕರದು, ಇನ್ನೊಂದು ಸ್ವಂತದ್ದು, ಅದರ ಮೇಲೆ ನೇಯಬಲ್ಲರು. ಮಾತು ಸಂಜೆ ಏಳರ ಮೇಲೆ. ಅಂಗಡಿಯವರು ತಮ್ಮ ಹೆಸರನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಬಾರದು, ಬೇರೆ ಅಂಗಡಿಗಳಿಗೆ ನಂಬರ್ ದಾಟಿಸಬಾರದು. ನೂಲಿನ ಹಣ ಮುಂಗಡ ಬೇಕು. ಒಪ್ಪಿಗೆ ಎಂದರೆ ಹೂಂ ಅಥವಾ ಊಹೂಂ ಅಷ್ಟೇ ಅಲ್ಲ, ಎಷ್ಟರ ಮಟ್ಟಿಗೆ ಎಂಬುದೂ ಅದರಲ್ಲಿ ಸೇರಿದೆ. ಈ ಷರತ್ತುಗಳನ್ನು ಅಂಗಡಿಯವರಿಗೆ ತಿಳಿಸಿ, ಅವರೂ ಒಪ್ಪಿದ ಮೇಲೆ ಜೋಡಿಸುವ ಹೊತ್ತು ಬಂತು.

ಜೋಡಿಸುವ ಸಂದೇಶ ಚಿಕ್ಕದಿರಲಿ, ಆದರೆ ಅದರಲ್ಲಿ ಇಬ್ಬರಿಗೂ ಏನು ಪ್ರಯೋಜನ ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ಈ ರೀತಿ ಬರೆಯಬಹುದು:

‘ನಮಸ್ಕಾರ. ನಾನು ಇಬ್ಬರಿಗೂ ಹೇಳಿದ್ದ ಪರಿಚಯ ಇದು. ಇಳಕಲ್‌ನ ಇವರು ಇಪ್ಪತ್ತು ವರ್ಷದಿಂದ ಟೋಪ್ ತೆನಿ ಸೀರೆ ನೇಯುತ್ತಾರೆ, ಸ್ವಂತ ಮಗ್ಗಕ್ಕೆ ನೇರ ಕೆಲಸ ನೋಡುತ್ತಿದ್ದಾರೆ. ಬೆಂಗಳೂರಿನ ಇವರ ಅಂಗಡಿಗೆ ಮೂರು ಬಣ್ಣದಲ್ಲಿ ಹನ್ನೆರಡು ಕೈಮಗ್ಗದ ಸೀರೆ ಬೇಕು, ನೂಲಿಗೆ ಮುಂಗಡ ಕೊಡುತ್ತಾರೆ. ನೇಯ್ಗೆ ಚೆನ್ನಾಗಿರುವುದು ನನಗೆ ಗೊತ್ತು. ಹೊರಗಿನ ಆರ್ಡರ್ ಹೊತ್ತಿಗೆ ಸರಿಯಾಗಿ ಮುಗಿಸಿದ ಅನುಭವ ಇವರಿಗೆ ಇದು ಮೊದಲು, ಹಾಗಾಗಿ ದಿನಾಂಕ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಮೇಡಂ, ಗುರುವಾರ ಸಂಜೆ ಏಳರ ಮೇಲೆ ನೀವೇ ಕರೆ ಮಾಡಿ. ಮುಂದಿನದು ನಿಮ್ಮಿಬ್ಬರದು.’

ಇದರಲ್ಲಿ ಎರಡು ವಾಕ್ಯಗಳನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಒಂದು, ಮೊದಲ ಕರೆ ಯಾರು, ಯಾವಾಗ ಮಾಡಬೇಕು ಎಂಬುದು. ಇದಿಲ್ಲದಿದ್ದರೆ ಅವರು ಮಾಡಲಿ ಎಂದು ಇವರು, ಇವರು ಮಾಡಲಿ ಎಂದು ಅವರು ಕಾಯುತ್ತಾ ತಿಂಗಳು ಕಳೆಯುತ್ತದೆ. ಬಹಳಷ್ಟು ಪರಿಚಯಗಳು ಸಾಯುವುದು ಹೀಗೆಯೇ, ಜಗಳವಾಗಿ ಅಲ್ಲ. ಕೋರಿಕೆ ಯಾರದೋ ಮೊದಲ ಕರೆಯೂ ಅವರದೇ ಆಗಬೇಕು. ಇನ್ನೊಂದು, ನಿಮಗೆ ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂಬುದು. ನೇಯ್ಗೆಗೆ ನೀವು ಸಾಕ್ಷಿ, ಹೊತ್ತಿಗೆ ಕೊಡುವುದಕ್ಕೆ ಅಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ಸೀರೆ ತಡವಾದಾಗ ಅಂಗಡಿಯವರು ಕೇಳುವುದು ನಿಮ್ಮನ್ನೇ. ಪರಿಚಯ ಮಾಡಿಸಿದವರು ಜಾಮೀನುದಾರರಲ್ಲ, ಆದರೆ ಹಾಗೆ ಕಾಣಿಸಿಕೊಳ್ಳುವುದು ಬಲು ಸುಲಭ. ಗೊತ್ತಿಲ್ಲದ್ದನ್ನು ಹೇಳುವಾಗ ಒಂದು ಎಚ್ಚರ ಬೇಕು: ಆ ವಾಕ್ಯವನ್ನು ಅದು ಯಾರ ಬಗ್ಗೆಯೋ ಅವರಿಗೆ ಮೊದಲೇ ಓದಿ ಹೇಳಿರಬೇಕು.

ಸಂದೇಶ ಕಳಿಸಿದ ಮೇಲೆ ಹೊರಗೆ ಬನ್ನಿ. ವಾಟ್ಸಾಪ್ ಗುಂಪಾದರೆ ಇಬ್ಬರೂ ಮಾತು ಶುರುಮಾಡಿದ ಮೇಲೆ ಅದನ್ನು ಬಿಡಿ. ಇಮೇಲ್ ಆದರೆ, ಉತ್ತರಿಸುವವರು ನಿಮಗೊಂದು ಧನ್ಯವಾದ ಹೇಳಿ ನಿಮ್ಮ ವಿಳಾಸವನ್ನು ಬಿಸಿಸಿಗೆ ಸರಿಸುವುದು ಮರ್ಯಾದೆ. ಸರಿಸಿದ್ದು ನಿಮಗೆ ತಿಳಿಯುತ್ತದೆ, ಮುಂದಿನ ಹತ್ತಾರು ಪತ್ರಗಳು ನಿಮಗೆ ಬರುವುದಿಲ್ಲ. ಎರಡು ಮೂರು ವಾರ ಬಿಟ್ಟು ಇಬ್ಬರನ್ನೂ ಬೇರೆ ಬೇರೆಯಾಗಿ ಒಂದು ಸಲ ಕೇಳಿ, ‘ಮಾತಾಯಿತೇ? ಸರಿಹೋಯಿತೇ?’ ಎಂದು. ಇದು ಕುತೂಹಲಕ್ಕಲ್ಲ. ಮುಂಗಡ ಬರಲಿಲ್ಲ ಎಂದೋ, ಷರತ್ತು ಮುರಿದು ನಂಬರ್ ದಾಟಿಸಿದರು ಎಂದೋ ಗೊತ್ತಾದರೆ, ಅಂಥವರಿಗೆ ಮುಂದೆ ಯಾರನ್ನೂ ಪರಿಚಯಿಸಬಾರದೆಂಬುದು ನಿಮಗೆ ತಿಳಿದಿರಬೇಕು.

ನೇಕಾರರು ಬೇಡವೆಂದಿದ್ದರೆ? ಅಂಗಡಿಯವರಿಗೆ, ‘ಕೇಳಿದೆ, ಸದ್ಯಕ್ಕೆ ಅವರಿಗೆ ಆಗುವುದಿಲ್ಲ’ ಎಂದರೆ ಸಾಕು. ಮಾಲೀಕರ ಭಯ, ಸಾಲ, ಮನೆಯ ತೊಂದರೆ ಯಾವುದನ್ನೂ ಹೇಳಬೇಕಿಲ್ಲ. ಕಾರಣ ಕೊಟ್ಟಷ್ಟೂ ಅದಕ್ಕೆ ಪರಿಹಾರ ಹೇಳುವ ಆಸೆ ಎದುರಿನವರಲ್ಲಿ ಹುಟ್ಟುತ್ತದೆ. ನಿಮ್ಮ ಬಳಿ ಬೇರೆ ದಾರಿ ಇದ್ದರೆ ಅದನ್ನು ತೋರಿಸಿ. ನೇಕಾರರ ಸಹಕಾರಿ ಸಂಘಕ್ಕೆ ಹೋಗಿ ಕೇಳಬಹುದು, ಅಲ್ಲಿ ಮಾರುವುದೇ ಅವರ ಕೆಲಸ, ಯಾರ ಒಪ್ಪಿಗೆಯೂ ಬೇಡ.

ಇಬ್ಬರಿಗೂ ಪ್ರಯೋಜನವಾಗಬೇಕು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎರಡನೆಯವರಿಗೆ ಏನು ಸಿಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ನಿಮಗೆ ಆಗದಿದ್ದರೆ ಅದು ಪರಿಚಯವಲ್ಲ, ಉಪಕಾರದ ಕೋರಿಕೆ. ಉಪಕಾರ ಕೇಳುವುದು ತಪ್ಪಲ್ಲ. ಇಂಜಿನಿಯರಿಂಗ್ ಓದುತ್ತಿರುವ ಹುಡುಗನಿಗೆ ಇಪ್ಪತ್ತು ನಿಮಿಷ ಮಾರ್ಗದರ್ಶನ ಕೊಡಿ ಎಂದು ಪರಿಚಿತರನ್ನು ಧಾರಾಳವಾಗಿ ಕೇಳಬಹುದು. ಆದರೆ ಅದನ್ನು ‘ನಿಮಗೂ ಅನುಕೂಲವಾಗುತ್ತದೆ’ ಎಂದು ಸುತ್ತಿ ಕೊಡಬಾರದು. ಉಪಕಾರವೆಂದು ನೇರವಾಗಿ ಹೇಳಿದರೆ ಜನ ಸಂತೋಷದಿಂದ ಮಾಡುತ್ತಾರೆ.

ನಡುವೆ ನಿಂತವರಿಗೆ ಸಿಗುವ ಲಾಭದ ಮಾತೂ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಜಿಮ್ಮೆಲ್ 1908ರಲ್ಲೇ, ಇಬ್ಬರು ದೂರವಿರುವುದರಿಂದ ಲಾಭ ಪಡೆಯುವ ಮೂರನೆಯವನನ್ನು ಗುರುತಿಸಿದ್ದರು. ಅಂಗಡಿಯವರಿಗೆ ನೇಕಾರರ ಊರು ತಿಳಿಯದಂತೆ, ನೇಕಾರರಿಗೆ ಅಂಗಡಿಯ ಬೆಲೆ ತಿಳಿಯದಂತೆ ನೋಡಿಕೊಳ್ಳುವ ದಲ್ಲಾಳಿ ಅಂಥವನು. ಸುಮಾರು ನೂರು ವರ್ಷ ಕಳೆದ ಮೇಲೆ, 2005ರಲ್ಲಿ, ಡೇವಿಡ್ ಆಬ್‌ಸ್ಟ್‌ಫೆಲ್ಡ್ ಎಂಬ ಅಮೆರಿಕದ ಸಂಶೋಧಕರು ಕಾರು ವಿನ್ಯಾಸದ ವಿಭಾಗವೊಂದನ್ನು ಅಧ್ಯಯನ ಮಾಡಿ, ಜನರನ್ನು ಒಬ್ಬರಿಗೊಬ್ಬರು ಕೂಡಿಸುವ ಸ್ವಭಾವದವರೇ ಅಲ್ಲಿ ಹೊಸ ಆವಿಷ್ಕಾರಗಳಲ್ಲಿ ಹೆಚ್ಚು ಪಾಲ್ಗೊಂಡಿದ್ದರು ಎಂದು ತೋರಿಸಿದರು. ದಲ್ಲಾಳಿತನವೂ ಒಂದು ಕಸುಬೇ, ಕಮಿಷನ್ ತೆಗೆದುಕೊಳ್ಳುವುದು ಅಪರಾಧವಲ್ಲ. ಆದರೆ ನೀವು ಕಮಿಷನ್ ಪಡೆಯುವುದಾದರೆ, ಅಥವಾ ಅಂಗಡಿಯವರು ನಿಮ್ಮ ಸೊಸೆಯೇ ಆಗಿದ್ದರೆ, ಒಪ್ಪಿಗೆ ಕೇಳುವಾಗಲೇ ಎರಡೂ ಕಡೆ ಹೇಳಬೇಕು. ಅದನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಗೆ ಬೆಲೆಯಿಲ್ಲ.

ಪ್ರತಿ ಸಲವೂ ಇಷ್ಟೆಲ್ಲ ಬೇಕೇ ಎಂದರೆ, ಬೇಡ. ಆಸ್ಪತ್ರೆಯಲ್ಲಿ ತುರ್ತಾಗಿ ರಕ್ತ ಬೇಕಿದ್ದಾಗ ದಾನಿಯ ನಂಬರಿಗಾಗಿ ವಿಧಿವಿಧಾನ ನೋಡುತ್ತ ಕೂರುವುದಿಲ್ಲ. ಪ್ಲಂಬರ್, ಆಟೊ ಚಾಲಕ, ಬೋರ್ಡ್ ಮೇಲೆ ನಂಬರ್ ಬರೆಸಿರುವ ಅಂಗಡಿಯವರು ಗಿರಾಕಿಗಾಗಿಯೇ ಕಾಯುತ್ತಿರುತ್ತಾರೆ. ‘ಹಳ್ಳಿಯ ಮಕ್ಕಳು ಯಾರೇ ಇರಲಿ, ಕಳಿಸಿ’ ಎಂದು ಒಮ್ಮೆ ಹೇಳಿಟ್ಟ ಮೇಷ್ಟ್ರೂ ಇರುತ್ತಾರೆ. ಆದರೆ ಅಂಥ ಮುಂಗಡ ಒಪ್ಪಿಗೆಗೂ ವಯಸ್ಸಾಗುತ್ತದೆ. ಮೂರು ವರ್ಷದ ಹಿಂದೆ ಹೇಳಿದವರಿಗೆ ಈಗ ಆರೋಗ್ಯ ಹೇಗಿದೆಯೋ, ಇನ್ನೊಮ್ಮೆ ಕೇಳಿಬಿಡಿ.

ಇದೆಲ್ಲಕ್ಕೂ ಹಿಡಿಯುವುದು ಎರಡು ಫೋನ್ ಕರೆ, ಒಂದು ಸಂದೇಶ, ನಡುವೆ ಒಂದೆರಡು ದಿನದ ಕಾಯುವಿಕೆ. ಈ ವಾರ ಯಾರಾದರೂ ನಿಮ್ಮಲ್ಲಿ ಒಬ್ಬರ ನಂಬರ್ ಕೇಳಿದರೆ, ‘ಅವರನ್ನೊಂದು ಮಾತು ಕೇಳಿ ಹೇಳ್ತೀನಿ’ ಎಂದು ಉತ್ತರಿಸಿ, ಕೇಳಿ, ಆಮೇಲೆ ಕಳಿಸಿ.